ಅಪ್‌ಡೇಟ್: ಪ್ಯಾರಾಕ್ಸೆಟಿನ್ ನಿಲ್ಲಿಸಿದ ಮೇಲಿನ ನಿದ್ರಾಹೀನತೆ

ನನ್ನ ಪ್ರಶ್ನೆ: "ಪ್ಯಾರಾಕ್ಸೆಟಿನ್ ನಿಲ್ಲಿಸಿದ ಮೇಲೆ ನಿದ್ದೆಯಿಲ್ಲ, ಬಂದರೂ ಕಣ್ಣಿಗೆ ಕಟ್ಟುವಂಥ ಕನಸುಗಳು. ಖಿನ್ನತೆ ಮರಳಿತೇ?"

ಮನೋವೈದ್ಯರು ಮೊದಲು ವಿಚಾರಿಸಿದ್ದು ಇದು ಯಾವಾಗ ಆರಂಭವಾಯಿತು ಎಂಬುದನ್ನು. ಮಾತ್ರೆ ಬಿಟ್ಟ ಕೆಲವೇ ದಿನಗಳಲ್ಲಿ, ತಲೆಸುತ್ತು ಹಾಗೂ ತಲೆಯೊಳಗೆ ವಿದ್ಯುತ್ ಹರಿದಂಥ ಅನುಭವದ ಜೊತೆಗೇ ಬಂದಿದ್ದರಿಂದ ಇದು ಔಷಧ ನಿಂತದ್ದರ ಪರಿಣಾಮವೆಂದರು. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಳು ಅಥವಾ ತಿಂಗಳುಗಳಲ್ಲಿ, ನಿರಾಸಕ್ತಿ ಮತ್ತು ಹತಾಶೆಯೊಂದಿಗೆ ನಿಧಾನವಾಗಿ ಬರುತ್ತದೆ. ಕನಸು ಹೆಚ್ಚಾಗಿ ಬೀಳುವ ಆರ್‌ಇಎಂ ನಿದ್ರೆಯನ್ನು ಈ ಔಷಧ ತಗ್ಗಿಸಿರುತ್ತದೆ, ಅದು ನಿಂತಾಗ ಆ ನಿದ್ರೆ ಒಮ್ಮೆಲೇ ಹೆಚ್ಚುತ್ತದೆ. ಅವರ ಸಲಹೆಯಂತೆ ಹಿಂದಿನ 20 ಮಿ.ಗ್ರಾಂ. ಪ್ರಮಾಣಕ್ಕೆ ಮರಳಿದ ಮೇಲೆ ಬೇಗನೆ ನಿದ್ದೆ ಸರಿಹೋಯಿತು. ಖಿನ್ನತೆಯಾಗಿದ್ದರೆ ಚೇತರಿಕೆಗೆ ವಾರಗಳೇ ಬೇಕಾಗುತ್ತಿದ್ದವು ಎಂಬುದು ನನಗೆ ದೊಡ್ಡ ಸಮಾಧಾನ. ಈಗ ಅವರ ನಿಗಾದಲ್ಲಿ ಹಂತಹಂತವಾಗಿ ಇಳಿಸುತ್ತಿದ್ದೇನೆ, ಪ್ರಮಾಣ ಕಡಿಮೆಯಾದಂತೆ ಹಂತಗಳನ್ನೂ ಚಿಕ್ಕದಾಗಿಸಲಿದ್ದೇವೆ.