ಲೈಟಿಂಗ್, ಫ್ರೇಮಿಂಗ್ ಕಲಿಯೋಕೆ ಮುಂದೆ ಯಾವ ಸಿನಿಮಾ ನೋಡ್ಲಿ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ಸಿನಿಮಾಟೋಗ್ರಫಿ ಗಮನಿಸೋ ಅಭ್ಯಾಸ ಮಾಡ್ಕೊಳ್ತಾ ಇದೀನಿ, ಮೊದ್ಲು ತಗೊಂಡಿದ್ದು 1959ರ 'ಕಾಗಜ್ ಕೆ ಫೂಲ್', ವಿ.ಕೆ. ಮೂರ್ತಿ ಅವ್ರ ಕ್ಯಾಮೆರಾ. ಖಾಲಿ ಸ್ಟುಡಿಯೋದಲ್ಲಿ ಮೇಲಿಂದ ಬೆಳಕಿನ ಕೋಲು ಇಳಿಯುತ್ತಲ್ಲ, ಹೊರಗಿನ ಬಿಸಿಲನ್ನ ಕನ್ನಡಿಗಳಿಂದ ಒಳಗೆ ತಿರುಗಿಸಿ ಮಾಡಿದ್ದಂತೆ, ಆ ಹಾಡನ್ನ ಒಮ್ಮೆ ಪೂರ್ತಿ ನೋಡಿ ಆಮೇಲೆ ಸೌಂಡ್ ಮ್ಯೂಟ್ ಮಾಡಿ ಶಾಟ್ ಶಾಟ್‌ಗೂ ನಿಲ್ಲಿಸಿ ನೋಡ್ದೆ. ಮೂಗಿನ ನೆರಳು ಯಾವ ಕಡೆ ಬಿದ್ದಿದೆ ಅಂತ ನೋಡಿದ್ರೆ ಲೈಟ್ ಎಲ್ಲಿಂದ ಬರ್ತಿದೆ ಗೊತ್ತಾಗುತ್ತೆ, ನೆರಳಿನ ಅಂಚು ಚೂಪಾಗಿದ್ರೆ ಹಾರ್ಡ್ ಲೈಟ್, ನಿಧಾನಕ್ಕೆ ಕರಗಿದ್ರೆ ಸಾಫ್ಟ್. ಸಿನಿಮಾಸ್ಕೋಪ್ ಆಗಿರೋದ್ರಿಂದ ಅಗಲವಾದ ಫ್ರೇಮಲ್ಲಿ ಇಬ್ರ ನಡುವಿನ ಖಾಲಿ ಜಾಗವೂ ಮಾತಾಡುತ್ತೆ, ನಂಗೆ ತುಂಬಾ ಇಷ್ಟ ಆಗಿದ್ದು ಅದೇ.

ಈಗ ಇದಕ್ಕೆ ಪೂರ್ತಿ ಉಲ್ಟಾ ಇರೋದು ನೋಡ್ಬೇಕು. 2013ರ 'ಇಡಾ' ಯೋಚಿಸಿದೀನಿ, ಚೌಕದ ಥರದ ಫ್ರೇಮು, ಪಾತ್ರಗಳನ್ನ ಕೆಳಗಡೆ ಇಟ್ಟು ತಲೆ ಮೇಲೆ ಅಷ್ಟೊಂದು ಜಾಗ ಬಿಟ್ಟಿರ್ತಾರೆ. ಆದ್ರೆ ಎರಡೂ ಬ್ಲಾಕ್ ಅಂಡ್ ವೈಟ್, ಅದಕ್ಕೇ ಕೇಳ್ತಿರೋದು, ಕಲರ್‌ನಲ್ಲಿ ಬೆಳಕಿನ ಮೂಲ ಫ್ರೇಮೊಳಗೇ ಕಾಣೋ ಸಿನಿಮಾ ಯಾವ್ದಿದೆ? ಕಿಟಕಿ, ದೀಪ, ಟ್ಯೂಬ್‌ಲೈಟ್ ಏನಾದ್ರೂ ಸರಿ. ಬಣ್ಣ ಬಂದ್ರೆ ಕಣ್ಣು ಅದರ ಹಿಂದೆನೇ ಹೋಗಿ ನೆರಳು ತಪ್ಪಿ ಹೋಗುತ್ತೆ, ನೀವು ಹೇಗೆ ನೋಡ್ತೀರ? ಸಿನಿಮಾ ಜೊತೆ ಒಂದು ಸೀನ್ ಕೂಡ ಹೇಳಿ ಪ್ಲೀಸ್.