14ನೇ ನಂಬರ್ ಉಂಗುರ ಎರಕದಿಂದ ಬಂದಾಗ 13 ಆಗಿತ್ತು, ಯಾಕೆ?

ಪ್ರಶ್ನೆ: ರೈನೋ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ 14ನೇ ನಂಬರ್ ಉಂಗುರ ಮಾಡಿದೆ. ಒಳವ್ಯಾಸ 17.2 ಮಿ.ಮೀ., 3 ಮಿ.ಮೀ. ಹರಳಿಗೆ ಸರಿಯಾಗಿ 3ರ ಸೀಟ್. ರೆಸಿನ್ ಪ್ರಿಂಟ್ ತೆಗೆದು ನೇರ ಎರಕಕ್ಕೆ ಕೊಟ್ಟೆ. ಬಂದಿದ್ದು 13, ಹರಳೂ ಒಳಗೆ ಇಳಿಯುತ್ತಿಲ್ಲ. ಎಲ್ಲಿ ತಪ್ಪಿದೆ?

ಅಂಗಡಿ ನಡೆಸುವವರು: ಒಳಗಿನ ವೃತ್ತವನ್ನೇ 17.55 ಮಾಡಿ, ಸರಿಹೋಗುತ್ತೆ. ನಾವು ಯಾವಾಗಲೂ ಹಾಗೇ ಮಾಡೋದು.

ಕ್ಯಾಡ್ ಡಿಸೈನರ್: ನಿಮ್ಮ ಲೆಕ್ಕ ತಪ್ಪಿಲ್ಲ. ನಮ್ಮ ನಂಬರಿಗೆ 40 ಸೇರಿಸಿದರೆ ಒಳಸುತ್ತಳತೆ ಸಿಗುತ್ತೆ, 14ಕ್ಕೆ 54 ಮಿ.ಮೀ., ಅದನ್ನು 3.14ರಿಂದ ಭಾಗಿಸಿದರೆ 17.2. ಆದರೆ ಎರಕದಲ್ಲಿ ಎಲ್ಲವೂ ಕುಗ್ಗುತ್ತೆ. 2% ಕುಗ್ಗಿದರೆ 17.2 ಹೋಗಿ 16.86 ಆಗುತ್ತೆ, ಸುತ್ತಳತೆ 53ರ ಹತ್ತಿರ, ಅಂದರೆ 13! ನಿಮ್ಮ ಸೀಟ್ ಕೂಡ 2.94 ಆಗಿರುತ್ತೆ, 3ರ ಹರಳು ಹೇಗೆ ಇಳಿಯುತ್ತೆ ಹೇಳಿ.

ಬರೀ ವೃತ್ತ ದೊಡ್ಡದು ಮಾಡಿದರೆ ನಂಬರ್ ಸರಿಯಾಗುತ್ತೆ, ಸೀಟ್ ಅಲ್ಲೇ ಉಳಿಯುತ್ತೆ. ಅದಕ್ಕೇ ಸೀಟ್ ಕೊರೆದು ಮುಗಿಸಿ, ಹರಳಿನ ಲೇಯರ್ ಬೇರೆ ಇಟ್ಟು, ಲೋಹದ ಭಾಗವನ್ನು ಪೂರ್ತಿ ಆಯ್ಕೆ ಮಾಡಿ ಹಿಗ್ಗಿಸಿ:

```
Scale
0,0,0
1.02
```

ಪ್ರಶ್ನೆ ಕೇಳಿದವರು: ಈಗಷ್ಟೇ ಅಳೆದೆ. 4 ಮಿ.ಮೀ. ಅಗಲದ ಪಟ್ಟಿ 3.92 ಬಂದಿದೆ.

ಕ್ಯಾಡ್ ಡಿಸೈನರ್: ನೋಡಿದ್ರಾ, ಅದೇ 2%. ಆದರೆ ಈ ಅಂಕಿಯನ್ನು ಎಲ್ಲ ಎರಕದವರಿಗೂ ಹಾಕಬೇಡಿ. ರಬ್ಬರ್ ಅಚ್ಚು ತೆಗೆದು ಮೇಣ ಹೊಯ್ದರೆ ಕುಗ್ಗೋದು ಇನ್ನೂ ಜಾಸ್ತಿ. ನೀವು ಕೊಡುವವರ ಹತ್ತಿರವೇ ಒಂದು ಪ್ಲೇನ್ ಉಂಗುರ ಎರಕ ಹಾಕಿಸಿ, ಪಾಲಿಷ್‌ಗೆ ಮೊದಲು ಕ್ಯಾಲಿಪರ್‌ನಲ್ಲಿ ಅಳೆದು ನಿಮ್ಮ ಅಂಕಿ ಕಂಡುಕೊಳ್ಳಿ. ಪಾಲಿಷ್ ಆದಮೇಲೆ ಅಳೆದರೆ ಮೋಸ ಹೋಗ್ತೀರಿ, ಒಳಗೆ ಸುತ್ತಲೂ 0.05 ಸವೆದರೂ ವ್ಯಾಸ 0.1 ಜಾಸ್ತಿಯಾಗುತ್ತೆ, ಅದೇ ಕಾಲು ನಂಬರಿಗಿಂತ ಮೇಲೆ.

ಇನ್ನೊಬ್ಬರು: ನಮ್ಮಮ್ಮನ ಉಂಗುರವೂ ಹೀಗೇ ಬಿಗಿ. ನಂಬರ್ ಸರಿಯಾಗೇ ಇದೆ, 8 ಮಿ.ಮೀ. ಅಗಲದ ಪಟ್ಟಿ.

ಕ್ಯಾಡ್ ಡಿಸೈನರ್: ಅದು ಬೇರೆ ವಿಷಯ ಸರ್, ಎರಕದ್ದಲ್ಲ. ಅಗಲ ಪಟ್ಟಿ ಬೆರಳಿನ ಜಾಸ್ತಿ ಭಾಗ ಹಿಡಿಯುತ್ತೆ. ಅರ್ಧದಿಂದ ಒಂದು ನಂಬರ್ ದೊಡ್ಡದು ಬೇಕು.

ಹರಳು ಕೂರಿಸುವವರು: ನನ್ನದೊಂದು ಮಾತು. 3ರ ಹರಳಿಗೆ 3ರ ಸೀಟ್ ಕೊಡಲೇಬೇಡಿ, ಎರಕ ಆದಮೇಲೆ 2.8 ಸಿಗಲಿ ಸಾಕು. ಹರಳು ನೋಡಿಕೊಂಡು ಕೊರೆಯುವ ಬರ್‌ನಲ್ಲಿ ನಾನು ಸೀಟ್ ಅಗಲ ಮಾಡ್ತೀನಿ. ಸಡಿಲ ಬಂದರೆ ನನ್ನ ಕೈಯಲ್ಲಿ ಏನೂ ಇಲ್ಲ, ಹರಳು ಆಡ್ತಾನೇ ಇರುತ್ತೆ.

ಅಂಗಡಿ ನಡೆಸುವವರು: ನಮ್ಮಲ್ಲಿ ಮೇಣದಲ್ಲೇ ಹರಳು ಕೂರಿಸಿ ಎರಕ ಹಾಕೋದು. 2.8 ಕೊಟ್ಟರೆ ಕೂರೋದೇ ಇಲ್ಲ.

ಹರಳು ಕೂರಿಸುವವರು: ಮೇಣದ್ದಾದರೆ ಸರಿ. ಇವರದ್ದು ಯಾವುದು?

ಪ್ರಶ್ನೆ ಕೇಳಿದವರು: ಈ ಉಂಗುರ ಕೈಯಲ್ಲೇ ಕೂರಿಸೋದು. ಸೀಟ್ 2.8 ಇಟ್ಟು, ಆಮೇಲೆ ಪೂರ್ತಿ 1.02 ಹಿಗ್ಗಿಸಿ ನಾಳೆ ಪ್ರಿಂಟ್‌ಗೆ ಕೊಡ್ತೀನಿ.