ಮಂಗನಬಾವು ಬಂದಾಗ ಕಚೇರಿಗೆ ವೈದ್ಯರ ಪತ್ರ: ಏನೇನು ಬರೆಸಿಕೊಳ್ಳಬೇಕು?

ಪ್ರಶ್ನೆ: ಕಾಲ್ ಸೆಂಟರ್ ಉದ್ಯೋಗಿ, ಬೆಂಗಳೂರು

ಸೋಮವಾರ, 3ನೇ ತಾರೀಖು ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಎಡಗೆನ್ನೆ ಊದಿಕೊಂಡಿತು. ಬುಧವಾರವಾದ ಇಂದು ವೈದ್ಯರಲ್ಲಿಗೆ ಹೋದೆ, ಮಂಗನಬಾವು ಎಂದರು. ಚೀಟಿಯಲ್ಲಿ ಮಾತ್ರ ‘ವೈರಲ್ ಜ್ವರ, ಐದು ದಿನ ವಿಶ್ರಾಂತಿ’ ಎಂದಷ್ಟೇ ಇದೆ. ಇದು ಸಾಲದು, ಮರಳಿ ಬರುವಾಗ ಸೋಂಕು ಇಲ್ಲವೆಂಬ ರಕ್ತಪರೀಕ್ಷೆಯ ವರದಿ ತನ್ನಿ ಎಂದು ಎಚ್‌ಆರ್‌ನವರು ಹೇಳುತ್ತಿದ್ದಾರೆ. ನಮ್ಮಲ್ಲಿ ಒಂದೇ ಹೆಡ್‌ಸೆಟ್ ಪಾಳಿಯಿಂದ ಪಾಳಿಗೆ ಕೈ ಬದಲಾಗುತ್ತದೆ. ಸಂಬಳ 19,000, ಇಎಸ್‌ಐ ಇದೆ. ಪತ್ರದಲ್ಲಿ ಏನೇನು ಇರಬೇಕು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಗೃಹಿಣಿ, ಶಿವಮೊಗ್ಗ

ನನ್ನ ಮಗನಿಗೆ ಒಂದನೇ ತರಗತಿಯಲ್ಲಿದ್ದಾಗ ಹೀಗೆಯೇ ಆಗಿತ್ತು. ಶಾಲೆಯವರು ಪತ್ರ ಏನೂ ಕೇಳಲಿಲ್ಲ, ಊತ ಇಳಿದ ಮೇಲೆ ಕಳಿಸಿ ಎಂದರು. ನಮ್ಮ ಅತ್ತೆ ಕೆನ್ನೆಗೆ ನೀಲಿ ಹಚ್ಚಿದರು. ಹುಳಿ ಕೊಡಬೇಡಿ, ನಿಂಬೆಹಣ್ಣು ನೆನೆದರೂ ದವಡೆ ಸೆಳೆಯುತ್ತದೆ. ಗಂಜಿ, ಮೆತ್ತಗಿನ ಅನ್ನ ಕೊಡಿ. ಮಗುವಿಗೆ ಎಷ್ಟು ವಯಸ್ಸು?

ಎಚ್‌ಆರ್ ಅಧಿಕಾರಿ, ಸಿದ್ಧ ಉಡುಪು ಕಾರ್ಖಾನೆ

ಅಮ್ಮಾ, ಅವರು ಕೇಳಿದ್ದು ತಮ್ಮ ಕಚೇರಿಯ ವಿಚಾರ, ಮಗುವಿನದಲ್ಲ. ಹದಿನೈದು ವರ್ಷಗಳಿಂದ ರಜೆಯ ಕಡತ ನೋಡುತ್ತಿರುವುದರಿಂದ ನನ್ನ ಮಾತು ಹೇಳುತ್ತೇನೆ. ‘ವೈರಲ್ ಜ್ವರ’ ಎಂಬ ಚೀಟಿ ಬಂದರೆ ನಾವು ಸಾಮಾನ್ಯ ಅನಾರೋಗ್ಯ ರಜೆ ಎಂದು ದಾಖಲಿಸಿ ಸುಮ್ಮನಾಗುತ್ತೇವೆ. ಪಕ್ಕದ ಮೇಜಿನವರಿಗೆ ಎಚ್ಚರಿಕೆ ಹೇಳುವುದೂ ಇಲ್ಲ, ಹೆಡ್‌ಸೆಟ್ ಒರೆಸುವುದೂ ಇಲ್ಲ. ಆದ್ದರಿಂದ ರೋಗದ ಹೆಸರು ಬೇಕೇ ಬೇಕು. ಮಂಗನಬಾವಿಗೆ ಒಂಬತ್ತು ದಿನ ಹೊರಗಿಡುವುದು ನಿಯಮ, ಊತ ಪೂರ್ತಿ ಇಳಿದ ಮೇಲೆ ರಕ್ತಪರೀಕ್ಷೆ ಮಾಡಿಸಿ ಬರುವುದು ಎಲ್ಲರಿಗೂ ಕ್ಷೇಮ. ನಿಮ್ಮ ಎಚ್‌ಆರ್‌ನವರು ಕೇಳುತ್ತಿರುವುದರಲ್ಲಿ ತಪ್ಪಿಲ್ಲ.

ನಿವೃತ್ತ ಕಾರ್ಖಾನೆ ವೈದ್ಯ, ಹುಬ್ಬಳ್ಳಿ

ರೋಗದ ಹೆಸರು ಬೇಕು ಎಂಬಲ್ಲಿ ಎಚ್‌ಆರ್‌ನವರ ಮಾತು ಸರಿ. ಉಳಿದ ಎರಡು ಮಾತುಗಳನ್ನು ಒಪ್ಪಲಾರೆ. ಒಂಬತ್ತು ದಿನವೆಂಬುದು ಹಳೆಯ ಲೆಕ್ಕ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2008ರಲ್ಲಿಯೇ ಅದನ್ನು ಐದಕ್ಕೆ ಇಳಿಸಿತು, ಏಕೆಂದರೆ ಊತ ಶುರುವಾಗಿ ಐದು ದಿನ ಕಳೆದ ಮೇಲೆ ಜೊಲ್ಲಿನಲ್ಲಿ ವೈರಾಣು ಸಿಗುವುದು ಬಹಳ ಕಡಿಮೆ. ಊತ ಹತ್ತು ದಿನದವರೆಗೂ ಉಳಿಯಬಹುದು, ಅದು ಇಳಿಯುವುದಕ್ಕೂ ಸೋಂಕು ಹರಡುವುದು ನಿಲ್ಲುವುದಕ್ಕೂ ತಾಳೆಯಿಲ್ಲ.

ರಕ್ತಪರೀಕ್ಷೆಯ ಮಾತಂತೂ ರೋಗಿಯನ್ನು ಸುಮ್ಮನೆ ಓಡಾಡಿಸುತ್ತದೆ. ರೋಗ ಗುರುತಿಸಲು ನೋಡುವ ಐಜಿಎಂ ಪ್ರತಿಕಾಯ ಗುಣವಾದ ಮೇಲೂ ವಾರಗಟ್ಟಲೆ ಕಾಣಿಸುತ್ತಲೇ ಇರುತ್ತದೆ. ‘ಇಲ್ಲ’ ಎಂಬ ವರದಿಗಾಗಿ ಕಾದರೆ ಹುಡುಗ ತಿಂಗಳು ಕಳೆದರೂ ಕೆಲಸಕ್ಕೆ ಸೇರಲಾರ. ಮರಳುವ ದಿನವನ್ನು ನಿರ್ಧರಿಸುವುದು ಪ್ರಯೋಗಾಲಯವಲ್ಲ, ಊತ ಮೊದಲು ಕಂಡ ತಾರೀಖು.

ಬಹುಪಾಲು ಪತ್ರಗಳು ಕೆಡುವುದು ಇಲ್ಲಿಯೇ. ವೈದ್ಯರು ತಾವು ನೋಡಿದ ದಿನದಿಂದ ಐದು ದಿನ ಬರೆಯುತ್ತಾರೆ. ನಿಮ್ಮ ಲೆಕ್ಕ ನೋಡಿ: ಊತ ಕಂಡ 3ನೇ ತಾರೀಖು ಸೊನ್ನೆಯ ದಿನ. 4ರಿಂದ 8ರವರೆಗೆ ಐದು ದಿನ. 9 ಭಾನುವಾರ, ವಾರದ ರಜೆಯಿದ್ದರೆ 10ರ ಸೋಮವಾರ ಹೋಗಬಹುದು. ನಾಳೆ ನಾಡಿದ್ದು ಬಲಗೆನ್ನೆಯೂ ಊದಿಕೊಂಡರೆ ಲೆಕ್ಕವನ್ನು ಹೊಸದಾಗಿ ಶುರುಮಾಡಬೇಕಿಲ್ಲ. ಒಂದು ಕಡೆ ಮೊದಲು, ಇನ್ನೊಂದು ಕಡೆ ಕೆಲವು ದಿನ ತಡವಾಗಿ ಊದುವುದು ಈ ರೋಗದಲ್ಲಿ ಮಾಮೂಲು.

ಸೋಂಕಿನ ದಿನಗಳು ಬೇರೆ, ದುಡಿಯಲಾಗದ ದಿನಗಳು ಬೇರೆ. ಮೊದಲನೆಯದು 8ಕ್ಕೆ ಮುಗಿಯುತ್ತದೆ. ಎರಡನೆಯದು ನಿಮ್ಮ ಜ್ವರ, ನೋವು, ಸುಸ್ತಿನ ಮೇಲೆ ಹೋಗುತ್ತದೆ. ‘ವಿಶ್ರಾಂತಿ’ ಎಂಬ ಒಂದೇ ಪದದಲ್ಲಿ ಇವೆರಡನ್ನೂ ತುರುಕಿದರೆ, ‘ಜ್ವರ ಬಿಟ್ಟಿದೆಯಲ್ಲ, 6ಕ್ಕೇ ಬಾ’ ಎಂದು ಮೇಲ್ವಿಚಾರಕರು ಕರೆದಾಗ ನಿಮ್ಮ ಕೈಯಲ್ಲಿ ಉತ್ತರ ಇರುವುದಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

*ಈ ಕೆಳಗೆ ಸಹಿ ಮಾಡಿರುವ ರೋಗಿಯನ್ನು 5ನೇ ತಾರೀಖು ಪರೀಕ್ಷಿಸಿದ್ದೇನೆ. ಲಕ್ಷಣಗಳ ಆಧಾರದ ಮೇಲೆ ಇದು ಮಂಗನಬಾವು ಎಂಬುದು ನನ್ನ ಅಭಿಪ್ರಾಯ. ರೋಗದ ಹೆಸರನ್ನು ರೋಗಿಯ ಒಪ್ಪಿಗೆ ಪಡೆದು ತಿಳಿಸುತ್ತಿದ್ದೇನೆ. ಕೆನ್ನೆಯ ಊತ ಮೊದಲು ಕಾಣಿಸಿದ್ದು 3ನೇ ತಾರೀಖು. ಆದ್ದರಿಂದ 8ನೇ ತಾರೀಖು ಮುಗಿಯುವವರೆಗೆ ಇವರು ಕಚೇರಿಗೆ ಬರುವುದಾಗಲಿ, ಸಹೋದ್ಯೋಗಿಗಳ ಜೊತೆ ಕ್ಯಾಬ್‌ನಲ್ಲಿ ಪ್ರಯಾಣಿಸುವುದಾಗಲಿ ಕೂಡದು. ಜ್ವರವಿಲ್ಲದಿದ್ದರೆ 10ರಂದು ಕೆಲಸಕ್ಕೆ ಮರಳಬಹುದು. ಸ್ವಲ್ಪ ಊತ ಉಳಿದಿದ್ದರೂ ಅಡ್ಡಿಯಿಲ್ಲ, ರಕ್ತಪರೀಕ್ಷೆ ಬೇಕಿಲ್ಲ. ದವಡೆಯ ನೋವು ತಗ್ಗುವವರೆಗೆ ಕರೆಗಳ ಬದಲು ಬರವಣಿಗೆಯ ಕೆಲಸ ಕೊಡುವುದು ಒಳ್ಳೆಯದು. ತೀವ್ರ ತಲೆನೋವು, ವಾಂತಿ, ವೃಷಣದ ನೋವು ಕಂಡುಬಂದರೆ ಮರುಪರೀಕ್ಷೆ ನಡೆಸಿ ರಜೆಯನ್ನು ವಿಸ್ತರಿಸಬೇಕಾಗುತ್ತದೆ. 1ರಿಂದ 3ನೇ ತಾರೀಖಿನವರೆಗೆ ಇವರ ಹತ್ತಿರ ಕುಳಿತವರು, ಹೆಡ್‌ಸೆಟ್ ಹಂಚಿಕೊಂಡವರು 28ರವರೆಗೆ ತಮ್ಮಲ್ಲಿ ಲಕ್ಷಣ ಕಾಣಿಸುತ್ತದೆಯೇ ಎಂದು ಗಮನಿಸುವುದು.*

ಕೆಳಗೆ ನಿಮ್ಮ ಸಹಿ, ಒಂದು ಗುರುತಿನ ಚಿಹ್ನೆ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಲಿ. ಈ ನಾಲ್ಕೂ ಇಲ್ಲದ ಪತ್ರವನ್ನು ಕಚೇರಿ ಪ್ರಶ್ನಿಸಿದರೆ ಅವರನ್ನು ದೂರುವಂತಿಲ್ಲ.

1ನೇ ತಾರೀಖು ಎಲ್ಲಿಂದ ಬಂತು ಎನ್ನಬಹುದು. ಊತ ಕಾಣುವುದಕ್ಕೆ ಎರಡು ದಿನ ಮೊದಲೇ ರೋಗ ಹರಡಲು ಶುರುವಾಗಿರುತ್ತದೆ. ಅಂದರೆ ಶನಿವಾರದ ಪಾಳಿಯಲ್ಲಿ ನೀವು ಗಟ್ಟಿಮುಟ್ಟಾಗಿದ್ದರೂ ಆ ಹೆಡ್‌ಸೆಟ್ ಹಾಕಿಕೊಂಡವರಿಗೆ ಅಂಟಿರಬಹುದು. ಅಂಟಿದ ಮೇಲೆ ಹೆಚ್ಚಿನವರಲ್ಲಿ 16ರಿಂದ 18 ದಿನಕ್ಕೆ, ತಡವೆಂದರೆ 25 ದಿನಕ್ಕೆ ಕಾಣಿಸಿಕೊಳ್ಳುತ್ತದೆ. 3ಕ್ಕೆ 25 ಸೇರಿಸಿದರೆ 28. ಕಚೇರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸಾಲು ಇದೇ, ಅದನ್ನೇ ಎಲ್ಲರೂ ಬಿಡುತ್ತಾರೆ.

ಮಂಡಿಯಲ್ಲಿ ಲೋಡಿಂಗ್ ಕೆಲಸ, ದಾವಣಗೆರೆ

ನನ್ನದನ್ನು ಹೇಳುತ್ತೇನೆ ಸಾರ್, ಮುಚ್ಚಿಟ್ಟುಕೊಳ್ಳುವ ವಿಷಯವಲ್ಲ. ರಜೆ ಮುಗಿಸಿ ಕೆಲಸಕ್ಕೆ ಹೋದೆ. ಮಾಲೀಕರಿಗೆ ಕೊಟ್ಟ ಪತ್ರದಲ್ಲಿ ‘ಗುಣವಾಗಿದ್ದಾನೆ’ ಎಂದಿತ್ತು. ಎರಡು ದಿನ ಅಕ್ಕಿ ಮೂಟೆ ಹೊತ್ತೆ. ಮೂರನೆಯ ದಿನ ರಾತ್ರಿ ಚಳಿ ಜ್ವರ, ಬಲಗಡೆಯ ವೃಷಣ ಊದಿಕೊಂಡು ಲುಂಗಿ ತಾಗಿದರೂ ಜೀವ ಹೋಗುವಷ್ಟು ನೋವು. ಮೂಟೆ ಹೊತ್ತಿದ್ದಕ್ಕೇ ಬಾವು ಕೆಳಗಿಳಿದದ್ದು. ಗುಣವಾಗಿದ್ದಾನೆ ಎಂದು ಪತ್ರ ಇತ್ತಲ್ಲ, ನಾಟಕವಾಡುತ್ತಾನೆ ಎಂದು ಮಾಲೀಕರು ಕೂಲಿ ಹಿಡಿದರು. ಭಾರ ಎತ್ತಬಾರದು ಎಂದು ಬರೆಸಿಕೋ ತಮ್ಮಾ.

ನಿವೃತ್ತ ಕಾರ್ಖಾನೆ ವೈದ್ಯ, ಹುಬ್ಬಳ್ಳಿ

ನೀವು ಬಹಳ ನೋವು ತಿಂದಿದ್ದೀರಿ. ಆದರೆ ಮೂಟೆಯಿಂದ ಆದದ್ದಲ್ಲ ಅದು. ವೈರಾಣು ತಾನಾಗಿಯೇ ವೃಷಣಕ್ಕೆ ಹೋಗುತ್ತದೆ, ಸಾಮಾನ್ಯವಾಗಿ ಕೆನ್ನೆ ಊದಿದ ನಾಲ್ಕರಿಂದ ಎಂಟು ದಿನದೊಳಗೆ, ಪ್ರಾಯಕ್ಕೆ ಬಂದ ಗಂಡಸರಲ್ಲಿ. ಮನೆಯಲ್ಲಿ ಮಲಗಿದ್ದರೂ ಬರುತ್ತಿತ್ತು. ಕೆಲಸಕ್ಕೆ ಮರಳುವ ದಿನ ಸರಿಯಾಗಿ ಅದೇ ಅವಧಿಯಲ್ಲಿ ಬೀಳುವುದರಿಂದ ಕೆಲಸವೇ ಕಾರಣ ಎನಿಸುತ್ತದೆ. ಬಂದ ಮೇಲೆ ಮಾತ್ರ ಭಾರ ಎತ್ತಲು, ತುಂಬ ಹೊತ್ತು ನಿಲ್ಲಲು ಆಗದು. ಆಗ ಎರಡನೆಯ ಪತ್ರ ಬೇಕು, ಅದರಲ್ಲಿ ಕಾರಣ ಸೋಂಕಲ್ಲ, ನೋವು. ಅದಕ್ಕೇ ಮೊದಲ ಪತ್ರದಲ್ಲಿ ‘ಗುಣವಾಗಿದ್ದಾನೆ’ ಎಂದು ಮುಂಗಡವಾಗಿ ಬರೆಯಬಾರದು, ‘ರಜೆ ವಿಸ್ತರಿಸಬೇಕಾಗಬಹುದು’ ಎಂದು ಬಾಗಿಲು ತೆರೆದಿಡಬೇಕು. ಸಾಮಾನ್ಯವಾಗಿ ಒಂದೇ ಕಡೆ ಆಗುತ್ತದೆ, ಮಕ್ಕಳೇ ಆಗದಂತಾಗುವುದು ಅಪರೂಪ. ಆ ಹೆದರಿಕೆ ಇದ್ದರೆ ಒಮ್ಮೆ ತೋರಿಸಿಕೊಳ್ಳಿ.

ಎಚ್‌ಆರ್ ಅಧಿಕಾರಿ, ಸಿದ್ಧ ಉಡುಪು ಕಾರ್ಖಾನೆ

ಡಾಕ್ಟರೇ, ಒಂಬತ್ತು ದಿನದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನಮ್ಮ ಹಳೆಯ ಸುತ್ತೋಲೆಯಲ್ಲಿ ಹಾಗಿತ್ತು. ಆದರೆ ‘ರೋಗಿಯ ಒಪ್ಪಿಗೆ’ ಎಂದಿರಿ. ಹುಡುಗ ಒಪ್ಪದಿದ್ದರೆ? ಇನ್ನೂರು ಜನ ಒಂದೇ ಸೂರಿನಡಿ ಹೊಲಿಯುವಾಗ ನಮಗೆ ತಿಳಿಯುವ ಹಕ್ಕಿಲ್ಲವೇ? ಮತ್ತೆ, ಎಲ್ಲರಿಗೂ ಸರ್ಕಾರಿ ಲಸಿಕೆ ಆಗಿರುತ್ತದಲ್ಲ, 28ರವರೆಗೆ ಗಮನಿಸಿ ಎಂದು ಬರೆದು ಹೆದರಿಸುವುದು ಏಕೆ?

ನಿವೃತ್ತ ಕಾರ್ಖಾನೆ ವೈದ್ಯ, ಹುಬ್ಬಳ್ಳಿ

ಲಸಿಕೆಯ ವಿಷಯದಲ್ಲಿ ಬಹಳ ಜನ ಹೀಗೆಯೇ ತಿಳಿದಿದ್ದಾರೆ. 2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಅಭಿಯಾನ ನಡೆಸಿ ಹಾಕಿದ್ದು ದಡಾರ ಮತ್ತು ರುಬೆಲ್ಲಾ ಲಸಿಕೆ. ಅದರಲ್ಲಿ ಮಂಗನಬಾವಿನದು ಇರಲಿಲ್ಲ. ಮೂರೂ ಸೇರಿದ ಎಂಎಂಆರ್ ಲಸಿಕೆಯನ್ನು ಮಕ್ಕಳಿಗೆ ಖಾಸಗಿಯಾಗಿ ಹಾಕಿಸಿದವರುಂಟು, ಹಾಕಿಸದವರೇ ನಿಮ್ಮ ಕಾರ್ಖಾನೆಯಲ್ಲಿ ಹೆಚ್ಚಿರಬಹುದು. ಸೋಂಕು ತಾಗಿದ ಮೇಲೆ ಹಾಕಿಸಿದರೆ ಈ ಸಲದ ರೋಗ ತಡೆಯುತ್ತದೆಂಬ ಭರವಸೆಯಿಲ್ಲ, ಮುಂದಕ್ಕೆ ಉಪಯೋಗ. ಗರ್ಭಿಣಿಯರಿಗೆ ಹಾಕಬಾರದು. ಗರ್ಭಿಣಿ ಸಹೋದ್ಯೋಗಿ ಹತ್ತಿರ ಕುಳಿತಿದ್ದರೆ ಅವರಿಗೆ ಇಂದೇ ತಿಳಿಸಿ, ತಮ್ಮ ವೈದ್ಯರೊಡನೆ ಮಾತಾಡಲಿ.

ಒಪ್ಪಿಗೆಯ ಪ್ರಶ್ನೆ ಕಷ್ಟದ್ದು. ಒಪ್ಪದಿದ್ದರೆ ನಾನು ‘ಜೊಲ್ಲು, ಕೆಮ್ಮಿನಿಂದ ಹರಡುವ ಸೋಂಕು, 8ರವರೆಗೆ ಹೊರಗಿರಬೇಕು’ ಎಂದಷ್ಟೇ ಬರೆಯುತ್ತಿದ್ದೆ, ಹೆಡ್‌ಸೆಟ್ ಶುಚಿಗೊಳಿಸಲು ಅಷ್ಟು ಸಾಕಿತ್ತು. ಪಕ್ಕದವರಿಗೆ 28ರ ಲೆಕ್ಕ ಹೇಳಲು ಸಾಕಾಗುತ್ತಿರಲಿಲ್ಲ ಎಂಬುದೂ ನಿಜ. ಇದರಲ್ಲಿ ನನ್ನ ಜೊತೆಯ ವೈದ್ಯರೇ ಒಂದು ಮಾತಿಗೆ ಬಂದವರಲ್ಲ.

ಎಚ್‌ಆರ್ ಅಧಿಕಾರಿ, ಸಿದ್ಧ ಉಡುಪು ಕಾರ್ಖಾನೆ

ನನಗೆ ಇದು ಇನ್ನೂ ಸಮಾಧಾನವಾಗಿಲ್ಲ. ಇರಲಿ, ಹಣದ ವಿಷಯ ಹೇಳಿಬಿಡುತ್ತೇನೆ. ಖಾಸಗಿ ವೈದ್ಯರ ಪತ್ರ ಕಚೇರಿಯ ರಜೆಗೆ ನಡೆಯುತ್ತದೆ. ಇಎಸ್‌ಐ ಅನಾರೋಗ್ಯ ಭತ್ಯೆಗೆ ಸಾಮಾನ್ಯವಾಗಿ ಇಎಸ್‌ಐ ಚಿಕಿತ್ಸಾಲಯದ ವೈದ್ಯರ ಪ್ರಮಾಣಪತ್ರವೇ ಬೇಕು, ಆದ್ದರಿಂದ ತಡಮಾಡದೆ ಮಾಸ್ಕ್ ಹಾಕಿಕೊಂಡು ಹೋಗಿ ಬನ್ನಿ. ಕೊಡುವುದು ಕೂಲಿಯ ನೂರಕ್ಕೆ 70ರಷ್ಟು, ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಇಷ್ಟು ಚಿಕ್ಕ ರಜೆಗೆ ಕೈಗೆ ಬರುವುದು ಅಲ್ಪವೇ. ಆದರೂ ಮಂಡಿಯ ಅಣ್ಣನಿಗೆ ಆದಂತೆ ರಜೆ ಬೆಳೆದರೆ ಮೊದಲ ದಿನದಿಂದಲೇ ದಾಖಲೆ ಇರುವುದು ನೆರವಾಗುತ್ತದೆ.

ಕಾಲ್ ಸೆಂಟರ್ ಉದ್ಯೋಗಿ, ಬೆಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ಸಂಜೆ ಮತ್ತೆ ಹೋಗಿ ಊತ ಕಂಡ ತಾರೀಖನ್ನು ಹಾಕಿಸಿ, ರೋಗದ ಹೆಸರಿಗೆ ಒಪ್ಪಿಗೆ ಕೊಟ್ಟು ಬರೆಸಿಕೊಂಡು ಬಂದೆ. ನಮ್ಮ ಎಚ್‌ಆರ್‌ನವರು 10ನೇ ತಾರೀಖನ್ನು ಒಪ್ಪಿದರು, ರಕ್ತಪರೀಕ್ಷೆ ಬಿಟ್ಟರು. ಹೆಡ್‌ಸೆಟ್ ಮಾತ್ರ ಪ್ರತಿಯೊಬ್ಬರಿಗೂ ಬೇರೆ ಕೊಡಲಾಗದು, ಬಾಯಿಯ ಬಳಿಯ ಸ್ಪಂಜು ಬದಲಿಸುತ್ತೇವೆ ಎನ್ನುತ್ತಿದ್ದಾರೆ. ಡಾಕ್ಟರೇ, ಸ್ಪಂಜು ಬದಲಿಸಿದರೆ ಸಾಕೇ?

ನಿವೃತ್ತ ಕಾರ್ಖಾನೆ ವೈದ್ಯ, ಹುಬ್ಬಳ್ಳಿ

ಸ್ಪಂಜಿನ ಜೊತೆಗೆ ಮೈಕಿನ ಕಡ್ಡಿಯನ್ನೂ ಪ್ರತಿ ಪಾಳಿಗೆ ಸ್ಪಿರಿಟ್‌ನಲ್ಲಿ ಒರೆಸಲಿ. 10ರ ಹೊತ್ತಿಗೆ ನಿಮ್ಮಿಂದ ಅಂಟುವ ಭಯ ಹೆಚ್ಚುಕಡಿಮೆ ಇರುವುದಿಲ್ಲ. ನನ್ನ ಚಿಂತೆಯಿರುವುದು ಶನಿವಾರ ನಿಮ್ಮ ಹೆಡ್‌ಸೆಟ್ ಹಾಕಿಕೊಂಡವರ ಬಗ್ಗೆ. ಅವರಲ್ಲಿ ಯಾರಿಗಾದರೂ ಅಂಟಿದ್ದರೆ ಕಾಣಿಸಿಕೊಳ್ಳುವುದು 17ರಿಂದ 21ರ ಆಸುಪಾಸಿಗೆ, ಅದಕ್ಕೆ ಎರಡು ದಿನ ಮೊದಲೇ ಅವರಿಂದಲೂ ಹರಡುತ್ತದೆ. ಆ ವಾರ ಮುಗಿಯುವವರೆಗಾದರೂ ಹೆಡ್‌ಸೆಟ್ ಹಂಚುವುದನ್ನು ನಿಲ್ಲಿಸಿ ಎಂದು ಕೇಳಿ ನೋಡಿ.